ದಸರೆಗೆ ಮುಂಚೆ ಸವಿತಾಳಿಗೆ

ಸವಿತಾ,

ಮುಂದಿನ ವಾರ ನವರಾತ್ರಿ. ಅಮ್ಮ ಇಲ್ಲದ ಮೊದಲ ದಸರೆ ನಿನಗೆ. ಅದು ಗೊತ್ತಿದ್ದೂ ಬರೀ ಶುಭಾಶಯ ಕಳಿಸಿ ಸುಮ್ಮನಿರಲು ಮನಸ್ಸು ಬರಲಿಲ್ಲ.

ಈ ವರ್ಷ ನಿಮ್ಮಲ್ಲಿ ಹಬ್ಬವಿಲ್ಲವೆಂದು ಗೊತ್ತು. ಗೊಂಬೆ ಏಕೆ ಕೂರಿಸಿಲ್ಲವೆಂದು ಯಾರಾದರೂ ಕೇಳಿದರೆ ವಿವರಿಸುವ ಹೊರೆ ನಿನಗೆ ಬೇಡ. ಸಂಜೆ ಬರುವ ಬೀದಿಯ ಮಕ್ಕಳಿಗೆ ನಾನು ಮೊದಲೇ ಹೇಳಿರುತ್ತೇನೆ. ನಿಮ್ಮಮ್ಮ ಮಾಡುತ್ತಿದ್ದ ಕೊಬ್ಬರಿ ಮಿಠಾಯಿಗಾಗಿ ನಾವೂ ಹಾಗೆಯೇ ಬಾಗಿಲಲ್ಲಿ ನಿಲ್ಲುತ್ತಿದ್ದೆವು. ಎರಡನೆಯ ಸಲ ಕೈ ಚಾಚಿದರೂ ಗೊತ್ತಾಗದವರಂತೆ ಕೊಡುತ್ತಿದ್ದರು.

ಪಟ್ಟದ ಗೊಂಬೆಗಳ ಪೆಟ್ಟಿಗೆ ಅಟ್ಟದಲ್ಲೇ ಇದೆಯಲ್ಲ? ಮಳೆಗಾಲದ ತೇವಕ್ಕೆ ಮರ ಕೆಡುತ್ತದೆ. ನಿನಗೆ ಮನಸ್ಸಾದ ದಿನ ಇಬ್ಬರೂ ಇಳಿಸಿ, ಒರೆಸಿ, ಗಾಳಿಗಿಟ್ಟು ಮತ್ತೆ ಕಟ್ಟಿಡೋಣ. ಈಗಲೇ ಆಗಬೇಕೆಂದೇನೂ ಇಲ್ಲ.

ಜಂಬೂ ಸವಾರಿಯ ದಿನ ಪೇಟೆಯ ಕಡೆ ಜನಜಂಗುಳಿ. ಬೆಳಿಗ್ಗೆಯೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬರೋಣವೇ? ಮಾತಾಡಬೇಕೆನಿಸಿದರೆ ಮಾತಾಡೋಣ, ಇಲ್ಲವಾದರೆ ಸುಮ್ಮನೆ ನಡೆಯೋಣ. ಮಧ್ಯಾಹ್ನ ನಿನಗೂ ಅಪ್ಪನಿಗೂ ಹುಳಿಯನ್ನ, ಮೊಸರನ್ನ ತರುತ್ತೇನೆ. ಅಪ್ಪನಿಗೆ ಖಾರ ಕಡಿಮೆ, ನೆನಪಿದೆ.

ಇದಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ. ಹಿಂದಿನ ದಿನ ಫೋನ್ ಮಾಡುತ್ತೇನೆ, ಆಗ ಹೇಳಿದರೆ ಸಾಕು.

ನಿನ್ನ
ಗೀತಾ