ನಿಮ್ಮ ರೊಟ್ಟಿ ಕೇಂದ್ರದ ಅನುಭವವನ್ನು ಪ್ರಕಟಿಸಲು ಅನುಮತಿ ಕೋರಿ

ಗೋಕುಲ ರೋಡ್, ಹುಬ್ಬಳ್ಳಿ
8 ಜುಲೈ 2025

ಬೆಟಗೇರಿಯ ಗಂಗಕ್ಕ ಅವರಿಗೆ ಶರಣು.

ಕಳೆದ ವಾರ ನಮ್ಮ ಮೆಕ್ಯಾನಿಕ್ ಹುಡುಗ ನಿಮ್ಮ ರೊಟ್ಟಿ ಯಂತ್ರದ ಸರ್ವಿಸಿಗೆ ಬಂದಾಗ ನೀವು ಲೆಕ್ಕದ ವಹಿ ತೆಗೆದು ತೋರಿಸಿದಿರಂತೆ. ದೀಪಾವಳಿಗೆ ಮುಂಚೆ ನಾಲ್ಕು ಮಂದಿ ಸೇರಿ ದಿನಕ್ಕೆ ನಾನೂರು ಚಿಲ್ಲರೆ ರೊಟ್ಟಿ ಬಡಿಯುತ್ತಿದ್ದಿರಿ, ಈಗ ಅದೇ ನಾಲ್ಕು ಮಂದಿಯಿಂದ ಸಾವಿರದ ಮೇಲೆ ಆಗುತ್ತಿದೆ ಎಂದು ಅವನು ಬಂದು ಹೇಳಿದ. ಕೇಳಿ ಖುಷಿಯಾಯಿತು. ಆ ಸಂಗತಿಯನ್ನು ಬರಹವಾಗಿ ಪ್ರಕಟಿಸಲು ನಿಮ್ಮ ಒಪ್ಪಿಗೆ ಬೇಕಿತ್ತು, ಅದಕ್ಕೇ ಈ ಪತ್ರ. ಹುಡುಗನ ಮುಂದೆ ನೀವು "ಬರಕೊಳ್ರಿ, ಏನಾಗ್ತೈತಿ" ಅಂದಿದ್ದನ್ನೇ ಒಪ್ಪಿಗೆ ಅಂದುಕೊಳ್ಳುವುದು ಸರಿಯಲ್ಲ. ಎಲ್ಲಿ ಬಳಸುತ್ತೇವೆ, ಏನು ಬರೆಯುತ್ತೇವೆ ಅನ್ನುವುದು ಗೊತ್ತಾದ ಮೇಲೆ ನೀವು ಹೂಂ ಅನ್ನಬೇಕು, ಇಲ್ಲಾ ಬೇಡ ಅನ್ನಬೇಕು.

ಇದನ್ನು ಕೇಸ್ ಸ್ಟಡಿ ಎನ್ನುತ್ತಾರೆ. ಯಂತ್ರ ಕೊಂಡವರೊಬ್ಬರ ಕೆಲಸ ಮೊದಲು ಹೇಗಿತ್ತು, ಏನು ಬದಲಾಯಿತು, ಎಲ್ಲಿ ತೊಡಕಾಯಿತು ಎಂದು ಬರೆದ ಎರಡು ಪುಟ, ಅಷ್ಟೇ. ನಮಗೆ ಇದು ಯಾಕೆ ಬೇಕೆಂದರೆ, ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಮಂದಿ ಯಂತ್ರದ ಮೋಟಾರ್ ಎಷ್ಟು ಎಚ್‌ಪಿ ಎಂದು ಕೇಳುವುದಿಲ್ಲ. "ಯಾರ ಹಂತ್ಯಾಕ ಐತಿ, ಅವರಿಗೆ ಹೆಂಗ ನಡದೈತಿ" ಎಂದು ಕೇಳುತ್ತಾರೆ. ನಾವು ಮಾರುವವರು, ನಮ್ಮ ಮಾತಿಗೆ ಬೆಲೆ ಕಡಿಮೆ. ಜೋಳದ ಹಿಟ್ಟು ಗೋಧಿ ಹಿಟ್ಟಿನ ಹಾಗೆ ಎಳೆ ಹಿಡಿಯುವುದಿಲ್ಲ, ಯಂತ್ರಕ್ಕೆ ಹಾಕಿದರೆ ಒಡೆಯುತ್ತದೆ ಎಂಬ ಅನುಮಾನ ಎಲ್ಲರಿಗೂ ಇದ್ದೇ ಇದೆ. ಅದಕ್ಕೆ ಉತ್ತರ ಹೇಳಬೇಕಾದವರು ದಿನಾ ಹಂಚಿನ ಮುಂದೆ ಕೂತವರು.

ಬರಹವನ್ನು ಮೂರು ಕಡೆ ಬಳಸುತ್ತೇವೆ. ಸೆಪ್ಟೆಂಬರ್‌ನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಮಳಿಗೆ ಹಾಕುವವರಿದ್ದೇವೆ, ಅಲ್ಲಿ ಹಂಚಲು ಒಂದು ಸಾವಿರ ಪ್ರತಿ ಅಚ್ಚು ಹಾಕಿಸುತ್ತೇವೆ. ನಮ್ಮ ವೆಬ್‌ಸೈಟಿನಲ್ಲಿ ಇರುತ್ತದೆ. ಯಂತ್ರದ ಬಗ್ಗೆ ವಿಚಾರಿಸಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಪೇಪರ್ ಜಾಹೀರಾತು, ರಸ್ತೆ ಬದಿಯ ಬ್ಯಾನರ್, ಫೇಸ್‌ಬುಕ್ ಜಾಹೀರಾತು ಯಾವುದಕ್ಕೂ ಇದನ್ನು ಹಾಕುವುದಿಲ್ಲ. ಒಪ್ಪಿಗೆ ಎರಡು ವರ್ಷಕ್ಕೆ ಮಾತ್ರ. ಆಮೇಲೂ ಬೇಕೆಂದರೆ ಮತ್ತೆ ಕೇಳುತ್ತೇವೆ.

ನಿಮ್ಮ ಬಗ್ಗೆ ಬರೆಯಬೇಕೆಂದಿರುವ ಭಾಗ ಹೀಗಿದೆ:

"ಬೆಟಗೇರಿಯ ಗಂಗಕ್ಕ ಖಾನಾವಳಿಗಳಿಗೆ ಬಿಸಿರೊಟ್ಟಿ, ಖಡಕ್ ರೊಟ್ಟಿ ಒದಗಿಸುತ್ತಾರೆ. ಎಳ್ಳಮಾವಾಸ್ಯೆ ಹತ್ತಿರ ಬಂದರೆ ಬೇಡಿಕೆ ಹೆಚ್ಚಿ, ಬಡಿಯಲು ಕೈ ಸಾಲದೆ ಆರ್ಡರ್ ಬಿಡುತ್ತಿದ್ದರು. ಈಗ ಹಿಟ್ಟು ನಾದುವುದನ್ನೂ ಉಂಡಿ ಒತ್ತುವುದನ್ನೂ ಯಂತ್ರ ಮಾಡುತ್ತದೆ. ಬೇಯಿಸುವುದು ಇಂದಿಗೂ ಹಂಚಿನ ಮೇಲೆ, ಕೈಯಿಂದಲೇ. ಮೊದಲ ತಿಂಗಳು ರೊಟ್ಟಿಯ ಅಂಚು ಸೀಳುತ್ತಿತ್ತು. ಗಿರಣಿಯಲ್ಲಿ ಹಿಟ್ಟನ್ನು ಸಣ್ಣಗೆ ಬೀಸಿಸಿ, ಎಸರಿನ ಹದ ಬದಲಿಸಿ ಅವರೇ ಅದನ್ನು ಸರಿಪಡಿಸಿಕೊಂಡರು. ದಿನಕ್ಕೆ ನಾನೂರರ ಆಸುಪಾಸಿನಲ್ಲಿದ್ದ ರೊಟ್ಟಿ ಈಗ ಸಾವಿರ ದಾಟಿದೆ. ಹುಬ್ಬಳ್ಳಿಯ ಎರಡು ಹಾಸ್ಟೆಲ್ ಮೆಸ್‌ಗಳ ಆರ್ಡರ್ ಅವರೇ ಓಡಾಡಿ ಹಿಡಿದದ್ದು."

ಕೊನೆಯ ಸಾಲನ್ನು ಬೇಕೆಂದೇ ಸೇರಿಸಿದ್ದೇನೆ. ಯಂತ್ರ ಬಂತು, ವ್ಯಾಪಾರ ತಾನಾಗಿ ಬೆಳೆಯಿತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅಂಚು ಸೀಳಿದ ವಿಷಯ ತೆಗೆಯೋಣ ಎಂದು ನಮ್ಮವರೇ ಒಬ್ಬರು ಅಂದರು, ನಾನು ಬೇಡ ಅಂದೆ. ಕೊಳ್ಳುವವರಿಗೆ ಅದು ಮೊದಲೇ ಗೊತ್ತಿರಲಿ.

ಎಸರಿಗೆ ಎಷ್ಟು ನೀರು, ಯಾವ ಊರಿನ ಬಿಳಿಜೋಳ ಎಂಬುದನ್ನು ಬರೆಯುವುದಿಲ್ಲ. ಅದು ನಿಮ್ಮ ಕಸುಬಿನ ಗುಟ್ಟು. ರೊಟ್ಟಿಯ ದರ, ಗಿರಾಕಿಗಳ ಹೆಸರು, ತಿಂಗಳ ಆದಾಯ, ಬ್ಯಾಂಕ್ ಸಾಲ ಯಾವುದೂ ಬರುವುದಿಲ್ಲ. ಕಿರು ಆಹಾರ ಉದ್ಯಮಗಳಿಗೆ ಕೇಂದ್ರ ಸರಕಾರ ಕೊಡುವ 35 ಪರ್ಸೆಂಟ್ ಸಬ್ಸಿಡಿಯಲ್ಲಿ ಯಂತ್ರ ತೆಗೆದುಕೊಂಡಿರಿ, ಅದನ್ನು ಹೇಳಿದರೆ ಬೇರೆ ಹೆಣ್ಣುಮಕ್ಕಳಿಗೆ ದಾರಿ ಗೊತ್ತಾಗುತ್ತದೆ. ಆದರೆ ಹಣದ ಮಾತು ಹೊರಬಿದ್ದರೆ ಕೈಗಡ ಕೇಳಲು ಯಾರ್ಯಾರು ಬರುತ್ತಾರೆ ಅನ್ನುವುದು ನಿಮಗೇ ಗೊತ್ತು. ಸದ್ಯಕ್ಕೆ ಬಿಟ್ಟಿದ್ದೇನೆ, ನೀವು ಹೇಳಿದರೆ ಸೇರಿಸುತ್ತೇನೆ.

ಹೂಂ ಅನ್ನುವ ಮೊದಲು ಒಂದು ಮಾತನ್ನು ನಿಜಕ್ಕೂ ಯೋಚಿಸಿರಿ. ನಿಮ್ಮ ಖಾನಾವಳಿಗಳಲ್ಲಿ ಕೆಲವರು "ಕೈರೊಟ್ಟಿ" ಎಂದು ಬೋರ್ಡು ಹಾಕಿದ್ದಾರೆ. ಒತ್ತುವುದು ಯಂತ್ರ ಎಂದು ಅಚ್ಚಾದರೆ ಅವರ ಗಿರಾಕಿ ಕೇಳಬಹುದು, ಆ ಸಿಟ್ಟು ನಿಮ್ಮ ಮೇಲೆ ಬರಬಹುದು. ಅವರಿಗೆ ನೀವು ಮೊದಲೇ ಹೇಳಿದ್ದರೆ ಚಿಂತೆಯಿಲ್ಲ. ಹೇಳಿಲ್ಲವಾದರೆ ಮೊದಲು ಅವರ ಜೊತೆ ಮಾತಾಡಿ, ಆಮೇಲೆ ನಮಗೆ ತಿಳಿಸಿರಿ. ಇನ್ನೊಂದು, ದಿನಕ್ಕೆ ಸಾವಿರ ರೊಟ್ಟಿ ಎನ್ನುವುದನ್ನು ನಿಮ್ಮ ಓಣಿಯ ಬೇರೆ ರೊಟ್ಟಿಯವರೂ ಓದುತ್ತಾರೆ. ಬೇಡವೆನಿಸಿದರೆ ಸಂಖ್ಯೆ ತೆಗೆದು "ಎರಡು ಪಟ್ಟಿಗಿಂತ ಹೆಚ್ಚು" ಎಂದಷ್ಟೇ ಬರೆಯುತ್ತೇವೆ. ಹೆಸರೇ ಬೇಡವೆಂದರೆ "ಗದಗ ಜಿಲ್ಲೆಯ ಒಬ್ಬ ರೊಟ್ಟಿ ಉದ್ಯಮಿ" ಅಂದರೂ ನಡೆಯುತ್ತದೆ. ಆದರೆ ಬೆಟಗೇರಿಯ ಮಂದಿ ಅಷ್ಟರಲ್ಲೇ ಗುರುತು ಹಿಡಿಯುತ್ತಾರೆ ಅನ್ನುವುದೂ ನೆನಪಿರಲಿ.

ಫೋಟೋ ಎರಡು ಬಳಸಬೇಕೆಂದಿದ್ದೇವೆ, ಈ ಪತ್ರದ ಜೊತೆ ಕಳಿಸಿದ್ದೇನೆ. ಒಂದರಲ್ಲಿ ನೀವು ಒಬ್ಬರೇ ಇದ್ದೀರಿ. ಇನ್ನೊಂದರಲ್ಲಿ ಕೆಲಸದ ಮೂವರೂ ಇದ್ದಾರೆ. ಅವರ ಪರವಾಗಿ ನೀವು ಒಪ್ಪಿದರೆ ಸಾಲದು, ಅವರವರೇ ಹೇಳಬೇಕು. ಒಬ್ಬರು ಬೇಡವೆಂದರೂ ಆ ಫೋಟೋ ಬಿಡುತ್ತೇವೆ. ನಿಮ್ಮ ಮೊಮ್ಮಗಳು ಕಾಣುವ ಮೂರನೆಯದನ್ನು ನಾವೇ ತೆಗೆದುಹಾಕಿದ್ದೇವೆ.

ಇದಕ್ಕೆ ನಾವು ಹಣ ಕೊಡುವುದಿಲ್ಲ, ಸರ್ವಿಸ್ ದರದಲ್ಲೂ ಕಡಿತ ಇಲ್ಲ. ದುಡ್ಡು ತೆಗೆದುಕೊಂಡು ಹೇಳಿದ ಮಾತು ಎಂದು ಯಾರೂ ಅನ್ನಬಾರದು. ಹಾಗೇ, ನೀವು ಬೇಡವೆಂದರೂ ಸರ್ವಿಸ್ ಈಗಿನ ಹಾಗೇ ನಡೆಯುತ್ತದೆ. ನಿಮ್ಮ ಫೋನ್ ನಂಬರನ್ನು ಯಾರಿಗೂ ಕೊಡುವುದಿಲ್ಲ. ಯಂತ್ರ ನೋಡಲು ಬರುತ್ತೇವೆ ಅಂದವರನ್ನೂ ನಿಮ್ಮನ್ನು ಕೇಳದೆ ಕಳಿಸುವುದಿಲ್ಲ.

ಒಪ್ಪಿದ ಮೇಲೂ ಮನಸ್ಸು ಬದಲಾದರೆ ಒಂದು ಮೆಸೇಜ್ ಹಾಕಿರಿ, ಕಾರಣ ಹೇಳಬೇಕಿಲ್ಲ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ವೆಬ್‌ಸೈಟಿನಿಂದ ಎರಡು ದಿನದೊಳಗೆ ತೆಗೆಯುತ್ತೇವೆ, ಉಳಿದ ಅಚ್ಚುಪ್ರತಿ ಹಂಚುವುದನ್ನು ನಿಲ್ಲಿಸುತ್ತೇವೆ. ಮೇಳದಲ್ಲಿ ಆಗಲೇ ಕೈಸೇರಿದ ಪ್ರತಿಗಳನ್ನೂ ವಾಟ್ಸಾಪ್‌ನಲ್ಲಿ ಹೋದದ್ದನ್ನೂ ಮರಳಿ ತರಲಾಗದು. ಅದಕ್ಕೇ ಮೊದಲೇ ವಿಚಾರ ಮಾಡಿರಿ ಅನ್ನುತ್ತಿದ್ದೇನೆ.

ಉತ್ತರವನ್ನು ನನ್ನ ವಾಟ್ಸಾಪ್‌ಗೆ ಕನ್ನಡದಲ್ಲೇ ಬರೆದು ಕಳಿಸಿರಿ, ಮಗನ ಕೈಲಿ ಬರೆಸಿದರೂ ಆಗುತ್ತದೆ, ಓದಿಸಿ ಕೇಳಿಕೊಂಡು ಕಳಿಸಿರಿ. ಹೆಸರು, ಫೋಟೋ, ರೊಟ್ಟಿಯ ಸಂಖ್ಯೆ, ಸಬ್ಸಿಡಿ ಈ ನಾಲ್ಕಕ್ಕೆ ಬೇರೆಬೇರೆಯಾಗಿ "ಹೂಂ" ಅಥವಾ "ಬೇಡ" ಅಂದರೆ ಸಾಕು. ಅಚ್ಚಿಗೆ ಆಗಸ್ಟ್ 10ಕ್ಕೆ ಕೊಡಬೇಕು. ಅಷ್ಟರೊಳಗೆ ನಿಮ್ಮಿಂದ ಏನೂ ಬರದಿದ್ದರೆ ಬೇಡ ಅಂದಿರೆಂದೇ ತಿಳಿಯುತ್ತೇವೆ. ನೀವು ಒಪ್ಪಿದರೆ ಪೂರ್ತಿ ಎರಡು ಪುಟ ನಿಮಗೆ ಬರುತ್ತದೆ, ನೀವು ನೋಡಿ ಸರಿ ಅನ್ನುವವರೆಗೆ ಪ್ರೆಸ್ಸಿಗೆ ಹೋಗುವುದಿಲ್ಲ.

ಮುಂದಿನ ಸರ್ವಿಸ್ ಶ್ರಾವಣದ ಮೊದಲ ವಾರ ಇಟ್ಟಿದ್ದೇವೆ. ಬೆಲ್ಟ್ ಸ್ವಲ್ಪ ಸಡಿಲ ಬಂದಿದೆ ಎಂದು ಹುಡುಗ ಹೇಳಿದ, ಹೊಸದನ್ನು ಕೊಟ್ಟು ಕಳಿಸುತ್ತೇನೆ.

ನಿಮ್ಮ ವಿಶ್ವಾಸಿ,
ಈರಣ್ಣ
ರೊಟ್ಟಿ ಯಂತ್ರ ಮಾರಾಟ ಮತ್ತು ಸರ್ವಿಸ್ ವಿಭಾಗ