ಮುಂಗಾರು ಬೆಳೆ ವಿಮೆ 2026: ರೋಣ ತಾಲ್ಲೂಕಿನ ನೋಟೀಸಿನ ಸಾರ, ಕೋಷ್ಟಕದಲ್ಲಿ

ಮೊನ್ನೆಯಿಂದ ಗುಂಪುಗಳಲ್ಲಿ ಓಡಾಡುತ್ತಿರುವ ಬೆಳೆ ವಿಮೆ ನೋಟೀಸಿನ ಸ್ಕ್ರೀನ್‌ಶಾಟ್ ಮಸುಕಾಗಿದೆ, ಬಲಗಡೆಯ ಅಂಚೂ ಕತ್ತರಿಸಿ ಹೋಗಿದೆ. ರೋಣ ಮತ್ತು ಹೊಳೆಆಲೂರು ಹೋಬಳಿಯ ರೈತರಿಗೆ ಬೇಕಾದಷ್ಟನ್ನು ಇಲ್ಲಿ ಇಳಿಸಿದ್ದೇವೆ. ಕತ್ತರಿಸಿದ ಸಾಲುಗಳನ್ನು ರೈತ ಸಂಪರ್ಕ ಕೇಂದ್ರದ ಫಲಕದಲ್ಲಿರುವ ಪ್ರತಿಯೊಂದಿಗೆ ತಾಳೆ ನೋಡಿ ತುಂಬಲಾಗಿದೆ.

ಮೊದಲು ಇದನ್ನು ನೋಡಿ: ಹೆಸರು ಬೆಳೆಗೆ ಕಡೆಯ ದಿನ ಜುಲೈ 15, ಉಳಿದ ಬೆಳೆಗಳಿಗೆ ಜುಲೈ 31. ಸ್ಕ್ರೀನ್‌ಶಾಟಿನ ತಲೆಬರಹದಲ್ಲಿ 31 ಮಾತ್ರ ದಪ್ಪಕ್ಷರದಲ್ಲಿದೆ, ಹೆಸರಿನ ತಾರೀಖು ಕೆಳಗಿನ ಷರಾದಲ್ಲಿದೆ.

ದಿನಾಂಕಗಳು

| ಕೆಲಸ | ಹೆಸರು | ಉಳಿದ ಬೆಳೆಗಳು |
|---|---|---|
| ಸಾಲ ಪಡೆದವರು ವಿಮೆ ಬೇಡವೆಂದು ಬ್ಯಾಂಕಿಗೆ ಬರೆದುಕೊಡಲು | ಜುಲೈ 8, ಬುಧವಾರ | ಜುಲೈ 24, ಶುಕ್ರವಾರ |
| ಸಾಲ ಪಡೆದವರು ಬೆಳೆ ಬದಲಾವಣೆ ತಿಳಿಸಲು | ಜುಲೈ 13, ಸೋಮವಾರ | ಜುಲೈ 29, ಬುಧವಾರ |
| ನೋಂದಣಿ ಮತ್ತು ಕಂತು ಕಟ್ಟಲು | ಜುಲೈ 15, ಬುಧವಾರ | ಜುಲೈ 31, ಶುಕ್ರವಾರ |

ಜುಲೈ 25 ನಾಲ್ಕನೇ ಶನಿವಾರ, ಮರುದಿನ ಭಾನುವಾರ. ಎರಡು ದಿನವೂ ಬ್ಯಾಂಕ್ ಇರುವುದಿಲ್ಲ. ಕೊನೆಯ ದಿನಗಳಲ್ಲಿ ಜಾಲತಾಣ ನಿಧಾನವಾಗುತ್ತದೆ, ದುಡ್ಡು ಖಾತೆಯಿಂದ ಹೋಗಿ ಅರ್ಜಿ ಮಾತ್ರ ಅರ್ಧಕ್ಕೆ ನಿಲ್ಲುವುದುಂಟು. ಹೆಸರು ಬಿತ್ತಿದವರು 12ರೊಳಗೇ ಮುಗಿಸಿಕೊಳ್ಳುವುದು ಒಳ್ಳೆಯದು.

ಮೊತ್ತ (ಮಳೆಯಾಶ್ರಿತ, ರೂಪಾಯಿಗಳಲ್ಲಿ)

| ಬೆಳೆ | ಹೆಕ್ಟೇರಿಗೆ ವಿಮಾ ಮೊತ್ತ | ರೈತರ ಪಾಲು | ಹೆಕ್ಟೇರಿಗೆ ಕಂತು | ಎಕರೆಗೆ ಕಂತು |
|---|---|---|---|---|
| ಹೆಸರು | 33,000 | ಶೇ 2 | 660 | 267 |
| ಮೆಕ್ಕೆಜೋಳ | 56,000 | ಶೇ 2 | 1,120 | 453 |
| ಶೇಂಗಾ | 54,000 | ಶೇ 2 | 1,080 | 437 |
| ಹತ್ತಿ | 46,000 | ಶೇ 5 | 2,300 | 931 |
| ಒಣ ಮೆಣಸಿನಕಾಯಿ | 72,000 | ಶೇ 5 | 3,600 | 1,457 |
| ಈರುಳ್ಳಿ | 75,000 | ಶೇ 5 | 3,750 | 1,518 |

ಎಕರೆಯ ಅಂಕಿ ನೋಟೀಸಿನಲ್ಲಿಲ್ಲ. ಒಂದು ಹೆಕ್ಟೇರ್ ಅಂದರೆ 2.47 ಎಕರೆ (ಸುಮಾರು 2 ಎಕರೆ 19 ಗುಂಟೆ) ಎಂಬ ಲೆಕ್ಕದಲ್ಲಿ ನಾವು ಹಾಕಿದ್ದು.

ನೋಟೀಸಿನ ಅಂಕಿಗಳು ಕನ್ನಡದಲ್ಲಿವೆ. ಮಸುಕಾದ ಫೋಟೊದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಮೆಕ್ಕೆಜೋಳದ ೫೬,೦೦೦ವನ್ನು ಕೆಲವರು 59,000 ಎಂದು ಓದಿ ಮುಂದೆ ಕಳಿಸಿದ್ದಾರೆ. ಪಕ್ಕದ ಕಂಬದಲ್ಲಿ ಕಂತು ೧,೧೨೦ ಎಂದು ಸ್ಪಷ್ಟವಾಗಿದೆ. ಶೇ 2ಕ್ಕೆ 1,120 ಬರಬೇಕಾದರೆ ಮೊತ್ತ 56,000 ಇರಲೇಬೇಕು, 59,000 ಆಗಿದ್ದರೆ ಕಂತು 1,180 ಆಗುತ್ತಿತ್ತು. ಈರುಳ್ಳಿಯ ಕಂತು ಅಂಚಿನಲ್ಲಿ ಕತ್ತರಿಸಿತ್ತು, ಆದರೆ 75,000ದ ಶೇ 5 ಅಂದರೆ 3,750. ಫಲಕದಲ್ಲೂ ಅದೇ ಇದೆ.

ದಾಖಲೆಗಳು

| ದಾಖಲೆ | ಯಾರಿಗೆ | ಗಮನಿಸಬೇಕಾದ್ದು |
|---|---|---|
| ಆಧಾರ್ | ಎಲ್ಲರಿಗೂ | ಉತಾರ, ಪಾಸ್‌ಬುಕ್, ಆಧಾರ್ ಮೂರರಲ್ಲೂ ಹೆಸರು ಹೊಂದಬೇಕು |
| ಎಫ್‌ಐಡಿ ಸಂಖ್ಯೆ | ಎಲ್ಲರಿಗೂ | ವಿಮೆ ಮಾಡಿಸುವ ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿರಬೇಕು |
| ಈ ವರ್ಷದ ಉತಾರ | ಎಲ್ಲರಿಗೂ | ವಾರಸಾ ಆಗದ ಹೊಲವಾದರೆ ಮೊದಲೇ ಕೇಂದ್ರದಲ್ಲಿ ವಿಚಾರಿಸಿ |
| ಬ್ಯಾಂಕ್ ಪಾಸ್‌ಬುಕ್ ಮೊದಲ ಪುಟ | ಸಾಲ ಇಲ್ಲದವರಿಗೆ | ಖಾತೆಗೆ ಆಧಾರ್ ಜೋಡಣೆ ಆಗಿರಬೇಕು |
| ಬಿತ್ತನೆಯ ಸ್ವಯಂ ಘೋಷಣೆ | ಸಾಲ ಇಲ್ಲದವರಿಗೆ | ಸರ್ವೆ ನಂಬರ್, ಬೆಳೆ, ಕ್ಷೇತ್ರ ಬರೆದು ಸಹಿ |
| ಲಾವಣಿ ಕರಾರು ಪತ್ರ | ಲಾವಣಿ ಮಾಡುವವರಿಗೆ | ಹೊಲದ ಮಾಲೀಕರ ಸಹಿ ಬೇಕು |

ನೋಂದಣಿ ಬ್ಯಾಂಕಿನಲ್ಲಿ, ಗ್ರಾಮ ಒನ್ ಅಥವಾ ಸಿಎಸ್‌ಸಿ ಕೇಂದ್ರದಲ್ಲಿ ಆಗುತ್ತದೆ. ಕಂತು ಬಿಟ್ಟು ಬೇರೆ ಶುಲ್ಕವಿಲ್ಲ. ಯಾರಾದರೂ ಹೆಚ್ಚು ಕೇಳಿದರೆ ಕೊಡಬೇಡಿ.

ಎಲ್ಲಿ ಎಡವಟ್ಟಾಗುತ್ತದೆ

ಹೆಚ್ಚು ತಪ್ಪಾಗುವುದು ಕ್ಷೇತ್ರದ ಲೆಕ್ಕದಲ್ಲಿ. ಉತಾರದಲ್ಲಿ 3.20 ಎಂದಿದ್ದರೆ ಅದು 3 ಎಕರೆ 20 ಗುಂಟೆ, ಅಂದರೆ ಮೂರೂವರೆ ಎಕರೆ. ಗಣಕಯಂತ್ರದಲ್ಲಿ ದಶಮಾಂಶವಾಗಿ 3.20 ಎಕರೆ ಎಂದೇ ಹೊಡೆದರೆ 12 ಗುಂಟೆ ವಿಮೆಯಿಂದ ಹೊರಗೆ ಬೀಳುತ್ತದೆ. ಮೆಕ್ಕೆಜೋಳಕ್ಕೆ ಮೂರೂವರೆ ಎಕರೆಯ ಕಂತು 1,586 ರೂಪಾಯಿ, 3.20 ಎಂದು ಹಾಕಿದರೆ 1,450. ಉಳಿದಂತೆ ಕಾಣುವ 136 ರೂಪಾಯಿಗೆ ಸುಮಾರು 6,800 ರೂಪಾಯಿಯ ರಕ್ಷಣೆ ಕೈಬಿಟ್ಟಂತಾಗುತ್ತದೆ. ರಸೀದಿ ಕೈಗೆ ಬಂದ ಕೂಡಲೇ ಹೆಕ್ಟೇರ್ ಕಂಬ ನೋಡಿ: ಮೂರೂವರೆ ಎಕರೆಗೆ 1.41 ಅಥವಾ 1.42 ಇರಬೇಕು. ಖರಾಬ ಜಮೀನು ಇದ್ದರೆ ಅದನ್ನು ಕಳೆದೇ ಲೆಕ್ಕ ಹಾಕಿ.

ಎರಡನೆಯದು ಬೆಳೆ. ವಿಮೆಯಲ್ಲಿ ಹೆಸರು, ಬೆಳೆ ಸಮೀಕ್ಷೆಯಲ್ಲಿ ಮೆಕ್ಕೆಜೋಳ ಎಂದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಸಾಲ ಪಡೆದವರ ಪಾಡು ಇನ್ನೂ ಸೂಕ್ಷ್ಮ. ಬ್ಯಾಂಕಿನವರು ಕಂತನ್ನು ತಾವೇ ಮುರಿದುಕೊಳ್ಳುತ್ತಾರೆ, ಸಾಲದ ಕಾಗದದಲ್ಲಿದ್ದ ಬೆಳೆಗೇ ವಿಮೆ ಹಾಕುತ್ತಾರೆ. ನೀವು ಮಳೆ ನೋಡಿ ಬೇರೆ ಬಿತ್ತಿರುತ್ತೀರಿ. ಮೇಲಿನ ಕೋಷ್ಟಕದ ಎರಡನೇ ಸಾಲು ಅದಕ್ಕಾಗಿಯೇ ಇದೆ. ಬದಲಾವಣೆಯನ್ನು ಬರವಣಿಗೆಯಲ್ಲಿ ಕೊಟ್ಟು ನಕಲಿಗೆ ಶಿಕ್ಕಾ ಹಾಕಿಸಿಕೊಳ್ಳಿ.

ಅದೇ ಸರ್ವೆ ನಂಬರಿನ ಅದೇ ಬೆಳೆಗೆ ಬ್ಯಾಂಕಿನಲ್ಲೊಮ್ಮೆ, ಗ್ರಾಮ ಒನ್‌ನಲ್ಲೊಮ್ಮೆ ಕಟ್ಟಬೇಡಿ. ಎರಡು ಪಟ್ಟು ಪರಿಹಾರ ಬರುವುದಿಲ್ಲ, ಅರ್ಜಿ ತಕರಾರಿಗೆ ಸಿಗುತ್ತದೆ.

ಹಾನಿಯಾದರೆ

ಸಾಮಾನ್ಯ ಇಳುವರಿ ನಷ್ಟಕ್ಕೆ ಅರ್ಜಿ ಬೇಕಿಲ್ಲ. ವಿಮಾ ಘಟಕವಾಗಿ ತೆಗೆದುಕೊಂಡ ಗ್ರಾಮ ಪಂಚಾಯಿತಿ ಅಥವಾ ಹೋಬಳಿಯಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ಸರಾಸರಿ ಇಳುವರಿ ನಿಗದಿಗಿಂತ ಕಡಿಮೆ ಬಂದರೆ ಅಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ ಲೆಕ್ಕ ಹಾಕುತ್ತಾರೆ. ನಿಮ್ಮ ಹೊಲ ಒಂದೇ ಒಣಗಿ ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದರೆ ಈ ದಾರಿಯಲ್ಲಿ ಏನೂ ಬರುವುದಿಲ್ಲ.

ಆಲಿಕಲ್ಲು, ಮೇಘಸ್ಫೋಟ, ಹೊಲ ಮುಳುಗಡೆ ಇಂಥವಕ್ಕೆ ಮಾತ್ರ ಒಬ್ಬೊಬ್ಬರ ಹೊಲವನ್ನೇ ನೋಡುತ್ತಾರೆ. ಅದಕ್ಕೆ 72 ಗಂಟೆಯೊಳಗೆ 14447ಕ್ಕೆ ಅಥವಾ ಬ್ಯಾಂಕ್, ಕೃಷಿ ಇಲಾಖೆಗೆ ತಿಳಿಸಲೇಬೇಕು. ಮಲಪ್ರಭೆ ಮತ್ತು ಬೆಣ್ಣೆಹಳ್ಳದ ದಂಡೆಯ ಊರುಗಳವರು ಈ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ನೀರು ಇಳಿಯಲಿ, ಆಮೇಲೆ ಹೇಳೋಣ ಎಂದು ಕಾಯುತ್ತ ಕೂತರೆ ಗಡುವು ಮೀರುತ್ತದೆ. ಸರ್ವೆ ನಂಬರ್, ಅರ್ಜಿ ಸಂಖ್ಯೆ ಎದುರಿಗಿಟ್ಟುಕೊಂಡು ಕರೆ ಮಾಡಿ, ಅವರು ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಹಾಳಾದರೆ, ಕೊಯ್ಲಿನಿಂದ 14 ದಿನದವರೆಗೆ ರಕ್ಷಣೆ ಇದೆ. ಅದನ್ನೂ 72 ಗಂಟೆಯೊಳಗೇ ತಿಳಿಸಬೇಕು. ಮನೆಗೆ ಅಥವಾ ಕಣಕ್ಕೆ ಸಾಗಿಸಿದ ಮಾಲಿಗೆ ಇದು ಅನ್ವಯಿಸದು.

ಅರ್ಜಿ ಯಾವ ಹಂತದಲ್ಲಿದೆ ಎಂದು ಸಂರಕ್ಷಣೆ ಜಾಲತಾಣದಲ್ಲಿ (samrakshane.karnataka.gov.in) ನೋಡಬಹುದು.

ಹೆಸರು ಕಿತ್ತ ಹೊಲಕ್ಕೆ ಕಡಲೆ, ಬಿಳಿಜೋಳ ಬಿತ್ತುವವರಿಗೆ ಈಗಿನ ಕಂತು ನಡೆಯುವುದಿಲ್ಲ. ಹಿಂಗಾರಿಗೆ ನೋಟೀಸು ಬೇರೆ ಬರುತ್ತದೆ, ಆ ಬೆಳೆಗಳಿಗೆ ರೈತರ ಪಾಲು ಶೇ 1.5.