ನಮ್ಮ ಬಡಾವಣೆಯ ರಾಜ್ಯೋತ್ಸವ ಸಂಜೆ: ನಿರೂಪಣೆ

(ಸಂಜೆ ಆರು ಗಂಟೆ, ಉದ್ಯಾನದ ವೇದಿಕೆ. ನಾಡಗೀತೆಯ ಮಕ್ಕಳು ಎಡಬದಿಯಲ್ಲಿ ಸಾಲಾಗಿ ನಿಂತಿರಬೇಕು.)

ಎಲ್ಲರಿಗೂ ನಮಸ್ಕಾರ, ಶರಣು ಶರಣಾರ್ಥಿ. ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಜಮಖಾನೆ ಮೇಲೆ ಇನ್ನೂ ಜಾಗ ಇದೆ.

ದೀಪ ಹಚ್ಚೋಕೆ ಇಬ್ಬರನ್ನ ಕರೀತೀನಿ. ಒಬ್ಬರು ಎರಡನೇ ಅಡ್ಡರಸ್ತೆಯ ಗಂಗಮ್ಮಜ್ಜಿ. ಇಲ್ಲಿ ಬರೀ ರಾಗಿ ಹೊಲ ಇದ್ದಾಗ ಮೊದಲ ಮನೆ ಕಟ್ಟಿದವರು. ಇನ್ನೊಬ್ಬರು ಲಕ್ಷ್ಮಮ್ಮ. ನಾವು ಏಳೋಕೆ ಮುಂಚೆ ನಮ್ಮ ಬೀದಿ ಗುಡಿಸಿರ್ತಾರೆ. ನಾವೆಲ್ಲ ನೆಲದ ಮೇಲೆ ನಿಶ್ಚಿಂತೆಯಿಂದ ಕೂತಿರೋದು ಅವರ ಕೈಯ ಕೆಲಸದಿಂದ. ಅಜ್ಜಿ, ಲಕ್ಷ್ಮಮ್ಮ, ಬನ್ನಿ.

(ದೀಪ ಬೆಳಗಿದ ಮೇಲೆ)

ಎಲ್ಲರೂ ಎದ್ದು ನಿಲ್ಲೋಣ. ಮಕ್ಕಳೇ, ನಾಡಗೀತೆ.

(ನಾಡಗೀತೆ. ಸಭೆ ಕೂರುವವರೆಗೆ ಕಾಯುವುದು.)

ಎರಡನೇ ಸಾಲಿನ ತುದಿಯಲ್ಲಿ ಕಣ್ಣು ಮುಚ್ಚಿಕೊಂಡು ಹಾಡ್ತಿದ್ದ ಪುಟ್ಟಿಯನ್ನ ನೋಡಿದ್ರಾ? ಅವಳ ಮುತ್ತಜ್ಜಿ ಹುಟ್ಟಿದಾಗ ಈ ನಾಡು ಒಂದಾಗಿರಲಿಲ್ಲ. 1956ರ ನವೆಂಬರ್ 1ರವರೆಗೂ ಕನ್ನಡ ಮಾತಾಡೋ ಊರುಗಳು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಹಂಚಿಹೋಗಿದ್ದವು. ಒಂದಾದ ಮೇಲೂ ‘ಕರ್ನಾಟಕ’ ಅನ್ನೋ ಹೆಸರಿಗೆ 1973ರ ತನಕ ಕಾಯಬೇಕಾಯ್ತು. ಆ ಐದೂ ಕಡೆಯ ಮನೆಗಳು ಇವತ್ತು ನಮ್ಮ ಬಡಾವಣೆಯಲ್ಲಿವೆ. ಅವರು ಸಾಮಾನಿನ ಜೊತೆ ಏನೇನು ಕಟ್ಟಿಕೊಂಡು ಬಂದ್ರು ಅನ್ನೋದೇ ಈ ಸಂಜೆ.

ಮೊದಲು ಹೈದರಾಬಾದ್ ಕಡೆಗೆ ಸೇರಿದ್ದ ಬೀದರ್ ಜಿಲ್ಲೆ. ಹನ್ನೆರಡನೇ ಶತಮಾನದಲ್ಲಿ ಶರಣರು ಕೂಡಿದ ಕಲ್ಯಾಣ ಇರೋದು ಅಲ್ಲೇ. ಅಂಬಿಗ, ಮಡಿವಾಳ, ಮಾದಾರ, ರಾಣಿ, ಮಂತ್ರಿ, ಎಲ್ಲರೂ ತಮ್ಮ ಆಡುಮಾತಿನಲ್ಲೇ ದೇವರ ಜೊತೆ ಮಾತಾಡಿದ ಜಾಗ. ಶಿವಲೀಲಕ್ಕ ಮತ್ತು ಸಂಗಡಿಗರು ಮೂರು ವಚನ ಹಾಡ್ತಾರೆ. ಕೊನೆಯಲ್ಲಿ ಬರೋ ಅಂಕಿತಕ್ಕೆ ಕಿವಿಗೊಡಿ. ಕೂಡಲಸಂಗಮದೇವ ಅಂದ್ರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದ್ರೆ ಅಕ್ಕ.

(ವಚನ ಗಾಯನ. ಮುಗಿದ ಕೂಡಲೇ ಮಾತು ಬೇಡ. ಹಾರ್ಮೋನಿಯಂನ ಶ್ರುತಿ ಇಳಿಯಲಿ.)

ಅಕ್ಕಾ, ಆ ಹಾರ್ಮೋನಿಯಂ ಅಲ್ಲೇ ಇರಲಿ, ಶ್ರುತಿಗೆ ಬೇಕು. ವಚನಕ್ಕೆ ಮಾತಿನ ಲಯ ಸಾಕು, ಛಂದಸ್ಸಿನ ಹಂಗಿಲ್ಲ. ಈಗ ಕೇಳೋ ಕಾವ್ಯ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿದೆ. ಆದ್ರೆ ಇದನ್ನೂ ನಮ್ಮ ಹಿರಿಯರು ಪುಸ್ತಕದಿಂದ ಕಲೀಲಿಲ್ಲ, ಜಗುಲಿ ಮೇಲೆ ಕೂತು ಕಿವಿಯಿಂದ ಕಲಿತರು. ಮುಂಬಯಿ ಸರ್ಕಾರ ಇದ್ದ ಕಾಲದಲ್ಲೂ ಗದುಗಿನಲ್ಲಿ ಕುಮಾರವ್ಯಾಸನ ಕನ್ನಡವೇ ಮೊಳಗ್ತಿತ್ತು. ಅಲ್ಲಿನ ವೀರನಾರಾಯಣನ ಗುಡಿಯಲ್ಲಿ ಕವಿ ಒದ್ದೆ ಬಟ್ಟೆಯಲ್ಲಿ ಕೂತು, ಅದು ಆರೋವರೆಗೆ ಮಾತ್ರ ಬರೀತಿದ್ದ ಅನ್ನೋ ಪ್ರತೀತಿ ಇದೆ.

ಗದಗದವರೇ ಆದ ನಮ್ಮ ನಿವೃತ್ತ ಮೇಷ್ಟ್ರು ವಾಚನ ಮಾಡ್ತಾರೆ, ಅವರ ಸೊಸೆ ವ್ಯಾಖ್ಯಾನ. ಭಾಗ ವಿರಾಟಪರ್ವದ್ದು. ಕೌರವರು ಗೋವುಗಳನ್ನ ಹಿಡಿದಿದ್ದಾರೆ. ಉತ್ತರಕುಮಾರ ಹೆಂಗಸರ ನಡುವೆ ನಿಂತು ತನ್ನ ಪೌರುಷ ಕೊಚ್ಚಿಕೊಳ್ತಿದ್ದಾನೆ.

(ಗಮಕ. ಉತ್ತರನ ರಥ ಹೊರಡುವಲ್ಲಿ ಮೇಷ್ಟ್ರು ನಿಲ್ಲಿಸುತ್ತಾರೆ. ಸಭೆಯ ದೀಪ ಮಂಕಾಗಲಿ.)

ಮೇಷ್ಟ್ರೇ, ಸರಿಯಾದ ಕಡೆ ನಿಲ್ಲಿಸಿದ್ರಿ! ರಥ ಹೊರಟಿದೆ, ಸಾರಥಿಯಾಗಿ ಬೃಹನ್ನಳೆ ಕೂತಿದ್ದಾಳೆ. ಎದುರಿಗೆ ಕೌರವ ಸೇನೆ. ಮುಂದೇನಾಯ್ತು ಅನ್ನೋದನ್ನ ಹೇಳೋರು ಬೇರೆ ಊರಿನವರು. ಮದ್ರಾಸಿಗೆ ಸೇರಿದ್ದ ಕುಂದಾಪುರದಿಂದ ಬಂದ ಮನೆಗಳ ಮಕ್ಕಳು, ಬಡಗುತಿಟ್ಟಿನ ಯಕ್ಷಗಾನದಲ್ಲಿ.

(ಚೌಕಿಯಿಂದ ಸನ್ನೆ ಬಂದರೆ ನೇರವಾಗಿ ಚೆಂಡೆಗೆ. ವೇಷ ತಡವಾದರೆ ಮುಂದಿನ ಮಾತು.)

ಚೌಕಿಯಲ್ಲಿ ಕೊನೆಯ ಮುಂಡಾಸು ಕಟ್ತಾ ಇದ್ದಾರೆ. ಮಧ್ಯಾಹ್ನ ಎರಡು ಗಂಟೆಗೆ ಬಣ್ಣಕ್ಕೆ ಕೂತ ಮಕ್ಕಳಿವರು. ಉತ್ತರನ ವೇಷದ ಹುಡುಗನಿಗೆ ಹತ್ತು ವರ್ಷ. ಬಣ್ಣ ಅಳಿಸಬಾರದು ಅಂತ ಸಂಜೆಯ ಹಾಲನ್ನ ಸ್ಟ್ರಾದಲ್ಲಿ ಕುಡಿದಿದ್ದಾನೆ. ಅವನ ಅಮ್ಮ ಪಕ್ಕದಲ್ಲಿ ಕೂತು ಗೆಜ್ಜೆಯ ದಾರ ಬಿಗಿ ಮಾಡ್ತಿದ್ರು. ಚೆಂಡೆ ಬಾರಿಸೋ ಅಣ್ಣ ಊರಿಂದ ರಾತ್ರಿ ಬಸ್ಸಿಗೆ ಬಂದಿಳಿದವರು, ನಾಳೆ ಬೆಳಗ್ಗೆ ಮತ್ತೆ ಅವರಿಗೆ ಕೆಲಸ ಇದೆ. ಒಂದು ಜೋರು ಚಪ್ಪಾಳೆ ಚೌಕಿಗೆ ಕೇಳಲಿ. ಭಾಗವತರೇ, ಪದ ಎತ್ತಿ!

(ಯಕ್ಷಗಾನ. ಓಡುವ ಉತ್ತರನನ್ನು ಬೃಹನ್ನಳೆ ಹಿಡಿದು ರಥಕ್ಕೆ ತರುವಲ್ಲಿಗೆ ಮುಕ್ತಾಯ.)

ಹೆದರಿ ಓಡಿದವನನ್ನ ಬೃಹನ್ನಳೆ ಬಿಟ್ಟುಬಿಡಲಿಲ್ಲ, ಹಿಡಿದು ವಾಪಸ್ ಕರ್ಕೊಂಡು ಬಂದಳು. ಮಕ್ಕಳೇ, ನಿಮ್ಮ ಅಭಿನಯದಲ್ಲಿ ಅದು ಎಷ್ಟು ಚೆನ್ನಾಗಿ ಬಂತು! ಆ ಬೃಹನ್ನಳೆ ವಿರಾಟನ ಮನೆಯಲ್ಲಿ ಇದ್ದದ್ದು ನಾಟ್ಯ ಕಲಿಸೋಕೆ. ಉತ್ತರನ ತಂಗಿ ಉತ್ತರೆ ಅವಳ ಶಿಷ್ಯೆ.

ನಮ್ಮ ಬಡಾವಣೆಗೂ ಅಂಥ ಒಬ್ಬ ಗುರು ಇದ್ದಾರೆ, ವಿರಾಜಪೇಟೆಯ ಕಾವೇರಮ್ಮ ಆಂಟಿ. ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ದಿನಗಳನ್ನ ಅವರ ತಾಯಿ ಕಂಡಿದ್ದರಂತೆ. ಮೂರು ತಿಂಗಳಿಂದ ಪ್ರತಿ ಭಾನುವಾರ ತಮ್ಮ ಮಹಡಿ ಮೇಲೆ ಎಂಟು ಹುಡುಗಿಯರಿಗೆ ಉಮ್ಮತ್ತಾಟ್ ಕಲಿಸಿದ್ದಾರೆ. ಎಂಟರಲ್ಲಿ ಕೊಡವರ ಮನೆಯವರು ಇಬ್ಬರೇ. ನೆರಿಗೆ ಹಿಂದೆ ಬರೋ ಹಾಗೆ ಸೀರೆ ಉಡೋದನ್ನ ಉಳಿದ ಆರು ಜನವೂ ಕಲಿತಿದ್ದಾರೆ. ಕೈಯಲ್ಲಿ ಪುಟ್ಟ ತಾಳಗಳಿವೆ. ಈ ಹೆಜ್ಜೆಗೆ ನಡುವೆ ಚಪ್ಪಾಳೆ ತಟ್ಟಬೇಡಿ, ತಾಳದ ಸದ್ದು ಸಣ್ಣದು, ಮುಚ್ಚಿಹೋಗುತ್ತೆ.

(ಉಮ್ಮತ್ತಾಟ್. ಹುಡುಗಿಯರು ಇಳಿಯುವಾಗ ಒಂದು ಜೊತೆ ತಾಳವನ್ನು ಕೇಳಿ ಪಡೆಯುವುದು.)

ಕಾವೇರಮ್ಮ ಆಂಟಿ, ಇದನ್ನ ಒಂದು ನಿಮಿಷ ಕೊಡ್ತೀರಾ? (ಮೈಕಿನ ಹತ್ತಿರ ಒಮ್ಮೆ ತಟ್ಟುವುದು.) ಕೇಳಿಸ್ತಾ? ಇದೇ ಲೋಹದ ನಾದ ಗಂಡಸರ ಕೈಯಲ್ಲಿ, ಬೀಸಾಟದಲ್ಲಿ ಹೇಗಿರುತ್ತೆ ನೋಡೋಣ.

(ಕತ್ತಲಲ್ಲಿ, ವೇದಿಕೆಯ ಹಿಂದಿನಿಂದ ಕಂಸಾಳೆಯ ಮೊದಲ ಬಡಿತ. ಅದರ ಮೇಲೆ ಮಾತು.)

ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಮಾದಪ್ಪನ ಗುಡ್ಡರ ಕಂಸಾಳೆ! ಮಲೆ ಮಹದೇಶ್ವರ ಬೆಟ್ಟ ಇರೋ ಆಗಿನ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಂಜನಗೂಡು ಕಡೆಯ ಒಕ್ಕಲು ತಮ್ಮ ದೇವರನ್ನ ನೋಡೋಕೆ ಇನ್ನೊಂದು ರಾಜ್ಯಕ್ಕೆ ನಡೆದು ಹೋಗ್ತಿತ್ತು. ಮಾದಪ್ಪನ ಹಾಡಿಗೆ ಮಾತ್ರ ಗಡಿ ಇರಲಿಲ್ಲ. ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರೋ ಮಾದೇವಣ್ಣ ಮತ್ತವರ ತಮ್ಮಂದಿರು. ಅವರ ಇಸ್ತ್ರಿಪೆಟ್ಟಿಗೆ ಹಿಡಿದ ಕೈಯನ್ನ ಮಾತ್ರ ಇಷ್ಟು ದಿನ ನೋಡಿದ್ವಿ. ಉಘೇ ಮಾದಪ್ಪ, ಉಘೇ!

(ಕಂಸಾಳೆ. ಮೊದಲ ಸಾಲಿನ ಮಕ್ಕಳನ್ನು ನಾಲ್ಕು ಅಡಿ ಹಿಂದೆ ಕೂರಿಸುವುದು.)

ಉಘೇ! ಮಾದೇವಣ್ಣ, ಕೂತ್ಕೊಳ್ಳಿ, ನೀರು ಕುಡೀರಿ.

ಕೊನೆಗೆ ಕಂಚಿನಿಂದ ಚರ್ಮಕ್ಕೆ ಬರೋಣ. ಹಾಲುಮತದವರು ಬೀರಪ್ಪನ ಮುಂದೆ ಬಾರಿಸೋ ಡೊಳ್ಳು, ಹಳೇ ಮೈಸೂರಿನ ಶಿವಮೊಗ್ಗದಿಂದ ನಮ್ಮ ರೇಣುಕಕ್ಕನ ಜೊತೆ ಬಂದಿದೆ. ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಅಂಗೈ. ಹನ್ನೆರಡು ಹೆಂಗಸರ ತಂಡ. ಇವರಲ್ಲಿ ನರ್ಸ್ ಇದ್ದಾರೆ, ಬಸ್ ಕಂಡಕ್ಟರ್ ಇದ್ದಾರೆ, ಮೊಮ್ಮಕ್ಕಳಿರೋ ಅಜ್ಜಿ ಇದ್ದಾರೆ. ಬೆಳಗ್ಗೆ ಆರಕ್ಕೆ ಇದೇ ಉದ್ಯಾನದಲ್ಲಿ ಕಲಿತರು. ಮೊದಲ ವಾರ ಅಂಗೈ ಬೊಬ್ಬೆ ಬಂದಾಗ ಬಟ್ಟೆ ಸುತ್ತಿಕೊಂಡು ಬಾರಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಅವರು ವೇದಿಕೆಯಿಂದಲ್ಲ, ನಿಮ್ಮ ಹಿಂದಿನಿಂದ ಬರ್ತಾರೆ. ನಡುವೆ ದಾರಿ ಬಿಡಿ.

(ಡೊಳ್ಳು ಕುಣಿತ. ಕೊನೆಯ ಸುತ್ತಿಗೆ ವಚನ, ಗಮಕ, ಯಕ್ಷಗಾನ, ಉಮ್ಮತ್ತಾಟ್, ಕಂಸಾಳೆಯ ಎಲ್ಲರೂ ವೇದಿಕೆಗೆ.)

ಹೀಗೇ ನಿಂತಿರಿ, ಒಂದು ಫೋಟೋ ತಗೊಳ್ಳೋಣ. ಉತ್ತರಕುಮಾರ, ನೀನು ಗಂಗಮ್ಮಜ್ಜಿ ಪಕ್ಕಕ್ಕೆ ಬಾ. ಲಕ್ಷ್ಮಮ್ಮ, ನೀವೂ ಮೇಲೆ ಬನ್ನಿ.

ಶಾಮಿಯಾನ, ಧ್ವನಿವರ್ಧಕದ ಹುಡುಗರಿಗೆ, ಅಡುಗೆಯವರಿಗೆ ವಂದನೆಗಳು. ಬಲಗಡೆ ಊಟ ತಯಾರಿದೆ. ಜೋಳದ ರೊಟ್ಟಿ, ಎಣಗಾಯಿ, ನೀರುದೋಸೆ, ಬಿಸಿಬೇಳೆ ಬಾತ್. ಮೊದಲ ಪಂಕ್ತಿ ಕಲಾವಿದರಿಗೆ ಬಿಟ್ಟುಕೊಡಿ, ಬಣ್ಣ ಹಚ್ಚಿದ ಮಕ್ಕಳು ಮಧ್ಯಾಹ್ನದಿಂದ ಸರಿಯಾಗಿ ಉಂಡಿಲ್ಲ. ಹತ್ತು ಗಂಟೆಗೆ ಮುಂಚೆ ಮೈಕ್ ಆರಿಸಬೇಕು, ಇಲ್ಲಿಗೆ ನನ್ನ ಮಾತು ನಿಲ್ಲಿಸ್ತೀನಿ. ಬನ್ನಿ, ಊಟಕ್ಕೆ ಹೋಗೋಣ.